ಚಿತ್ರ ಹುಡುಕಿದರೆ ಪಾತ್ರದ ಬದಲು ವೇಷ ಹಾಕಿದವರ ಹೆಸರೇ ಬರುತ್ತಿದ್ದರೆ

ಸಮಸ್ಯೆ ಇದು: ನೀಲಿ ಗಿಡ್ಡ ಕೂದಲು, ಕಪ್ಪು-ಬಿಳಿ ಮನೆಗೆಲಸದವಳ ಉಡುಪು ಇರುವ ಕಾಸ್‌ಪ್ಲೇ ಫೋಟೋ, ಅಂದರೆ ಕಥೆಯ ಪಾತ್ರದಂತೆ ವೇಷ ಹಾಕಿ ತೆಗೆಸಿಕೊಂಡದ್ದು. ಹುಡುಕಿದರೆ ಅದೇ ಕಲಾವಿದೆಯ ಬೇರೆ ಬೇರೆ ವೇಷಗಳು ಬರುತ್ತವೆ, ಪಾತ್ರ ಮಾತ್ರ ಸಿಗುವುದಿಲ್ಲ.

ಇಡೀ ಫೋಟೋ ಹಾಕಿ ಹುಡುಕಿದ್ದು ಫಲ ಕೊಡಲಿಲ್ಲ, ಹುಡುಕಾಟ ಮುಖಕ್ಕೇ ಅಂಟಿಕೊಳ್ಳುತ್ತದೆ. ಕಲಾವಿದೆಯ ಹೆಸರಿನಿಂದಲೂ ಉಪಯೋಗವಾಗಲಿಲ್ಲ. @ ಚಿಹ್ನೆಯ ಹೆಸರು ಸಾಮಾನ್ಯವಾಗಿ ಮನುಷ್ಯರದ್ದು, ಪಾತ್ರದ್ದಲ್ಲ.

ಕೆಲಸ ಮಾಡಿದ್ದು ಕತ್ತರಿಸುವ ಕ್ರಮ. ಕಣ್ಣು, ಮೂಗು, ಬಾಯಿ ಪೂರ್ತಿ ಬಿಟ್ಟು ಮೊದಲು ತಲೆಯ ಹೂವಿನ ಕ್ಲಿಪ್ಪನ್ನು, ಆಮೇಲೆ ಕೊರಳಿನಿಂದ ಸೊಂಟದವರೆಗಿನ ಉಡುಪನ್ನು ಬೇರೆ ಬೇರೆಯಾಗಿ ಹುಡುಕಬೇಕು. ಜೊತೆಗೆ ಈ ಪದಗಳು:

```
anime maid blue hair -cosplay
```

ಕೊನೆಯ ಮೈನಸ್ಸೇ ಮುಖ್ಯ, ಅದು ವೇಷದ ಫೋಟೋಗಳನ್ನು ಬಹುಮಟ್ಟಿಗೆ ತೆಗೆದುಹಾಕಿ, ಬಿಡಿಸಿದ ಚಿತ್ರಗಳನ್ನು ಮುಂದೆ ತರುತ್ತದೆ. ಪಾತ್ರದ ಹೆಸರು ರೆಮ್, ಕಥೆ 'ರೀ:ಝೀರೋ' ಎಂಬ ಜಪಾನಿನ ಅನಿಮೆ.

ಖಚಿತಪಡಿಸಿಕೊಳ್ಳಲು ಮುಂಗೂದಲು ನೋಡಿ. ರೆಮ್‌ಗೆ ಅದು ಬಲಗಣ್ಣನ್ನು ಮುಚ್ಚುತ್ತದೆ. ಅವಳ ಅವಳಿ ರಾಮ್‌ಗೆ ಗುಲಾಬಿ ಕೂದಲು, ಮುಚ್ಚುವುದು ಎಡಗಣ್ಣು. ಸೆಲ್ಫಿಯಲ್ಲಿ ಎಡಬಲ ತಿರುಗಿರಬಹುದು, ಆಗ ಬಣ್ಣವನ್ನೇ ನಂಬುವುದು ಮೇಲು.

ಅನಿಮೆ ಸಿಕ್ಕಿತೆಂದು ನಿಲ್ಲಬೇಡಿ, ಅದು 2016ರದ್ದು, ಮೂಲ ಕಥೆ ಅದಕ್ಕಿಂತ ಹಳೆಯದು. ಅನಿಮೆಯ ಹೆಸರುಪಟ್ಟಿಯಲ್ಲಿ 原作 ಎಂಬ ಸಾಲಿನ ಪಕ್ಕ ಮೂಲ ಲೇಖಕರ ಹೆಸರು ಇರುತ್ತದೆ. ಇಲ್ಲಿ ಅದು ತಪ್ಪೇಯಿ ನಾಗತ್ಸುಕಿ. ಅವರು 2012ರಲ್ಲಿ ಜಾಲತಾಣದಲ್ಲಿ ಬರೆಯತೊಡಗಿದ ಕಾದಂಬರಿಯೇ ಮೂಲ. ಪುಸ್ತಕವಾಗಿ ಅಚ್ಚಾಗತೊಡಗಿದ್ದು 2014ರಿಂದ.