ಬ್ರೆಡ್ ಪುಡ್ಡಿಂಗ್ ತಳದಲ್ಲಿ ನೀರು ನಿಂತರೆ

ಕಳೆದ ತಿಂಗಳು ಸೊಸೆ ಮೈಸೂರಿನಿಂದ ಫೋನ್ ಮಾಡಿದಳು. "ಅತ್ತೆ, ಬ್ರೆಡ್ ಪುಡ್ಡಿಂಗ್ ಮಾಡಿದೆ. ಮೇಲೆ ಚೆನ್ನಾಗಿ ಕೆಂಪಗಾಗಿದೆ, ಚಮಚ ಹಾಕಿದರೆ ತಳದಲ್ಲಿ ಬರೀ ನೀರು. ಮೊಟ್ಟೆ ಕಮ್ಮಿಯಾಯ್ತಾ?"

"ಮೊದಲು ನೀರಿನ ಬಣ್ಣ ಹೇಳು" ಎಂದೆ.

"ಮೊಸರಿನ ಮೇಲೆ ತಿಳಿನೀರು ನಿಲ್ಲುತ್ತಲ್ಲ, ಹಾಗಿದೆ. ಪುಡ್ಡಿಂಗ್ ತುಂಬ ಸಣ್ಣ ಸಣ್ಣ ತೂತು ಬೇರೆ."

ನನಗೆ ಅಷ್ಟು ಸಾಕಾಯ್ತು. ಮೊಟ್ಟೆ ಕಮ್ಮಿಯಾಗಿರಲಿಲ್ಲ, ಉರಿ ಜಾಸ್ತಿಯಾಗಿತ್ತು. ಅವಳು ಮುಂದಿನ ಸಲ ಇನ್ನೊಂದು ಮೊಟ್ಟೆ ಒಡೆದು ಹಾಕುವ ಯೋಚನೆಯಲ್ಲಿದ್ದಳು. ಹಾಗೆ ಮಾಡಿದ್ದರೆ ಪುಡ್ಡಿಂಗ್ ಇನ್ನಷ್ಟು ರಬ್ಬರಿನಂತಾಗುತ್ತಿತ್ತು, ನೀರು ಮಾತ್ರ ಅಲ್ಲೇ ಇರುತ್ತಿತ್ತು.

ಗಿಣ್ಣು ಮಾಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಗಿಣ್ಣುಹಾಲನ್ನು ಹದವಾದ ಹಬೆಯಲ್ಲಿ ಬೇಯಿಸಿದರೆ ನುಣ್ಣಗೆ ಕೂರುತ್ತದೆ. ದಡಬಡ ಉರಿ ಕೊಟ್ಟರೆ ತೂತು ಬಿದ್ದು, ಸುತ್ತ ನೀರು ಬಿಟ್ಟುಕೊಳ್ಳುತ್ತದೆ. ಮೊಟ್ಟೆ ಹಾಕಿದ ಹಾಲಿನದ್ದೂ ಅದೇ ಕಥೆ. ಬಿಸಿ ತಾಗಿದಾಗ ಮೊಟ್ಟೆ ಒಳಗೊಳಗೇ ಒಂದು ಬಲೆ ಹೆಣೆದು ಹಾಲನ್ನು ಹಿಡಿದುಕೊಳ್ಳುತ್ತದೆ. ಸುಮಾರು 80 ಡಿಗ್ರಿಗೆ ಆ ಬಲೆ ಗಟ್ಟಿಯಾಗುತ್ತದೆ. 90ರ ಹತ್ತಿರ ಹೋದರೆ ಬಲೆ ಸೆಟೆದುಕೊಂಡು, ಹಿಂಡಿದ ಬಟ್ಟೆಯಂತೆ ನೀರನ್ನು ಹೊರಗೆ ತಳ್ಳುತ್ತದೆ. ಒಮ್ಮೆ ಹಿಂಡಿಹೋದರೆ ಮತ್ತೆ ಕೂಡಿಸಲು ಬರುವುದಿಲ್ಲ. ಪಾತ್ರೆ ಓರೆ ಮಾಡಿ ನೀರು ಬಸಿದು, ತಣ್ಣಗೆ ಮಾಡಿ ತಿನ್ನಬೇಕು, ಅಷ್ಟೇ.

ಆದರೆ ತಳದಲ್ಲಿ ಕಾಣುವುದೆಲ್ಲ ಒಂದೇ ನೀರಲ್ಲ. ತಿಳಿಯಾಗಿ, ತುಸು ಹಳದಿಯಾಗಿ ಇದ್ದರೆ ಬೆಂದದ್ದು ಜಾಸ್ತಿ. ಹಾಲಿನ ಬಣ್ಣದಲ್ಲಿ, ಬೆರಳಿಗೆ ಅಂಟುವಂತೆ ಇದ್ದರೆ ಇನ್ನೂ ಬೆಂದಿಲ್ಲ, ಸುಮ್ನೆ ಮತ್ತೆ ಹತ್ತು ನಿಮಿಷ ಓವನ್‌ಗೆ ಇಟ್ಟರೆ ಸರಿಹೋಗುತ್ತದೆ. ಇನ್ನೊಂದು ಬಗೆಯಲ್ಲಿ ನೀರೇ ಇರುವುದಿಲ್ಲ. ತಳದಲ್ಲಿ ನುಣುಪಾದ ಮೊಟ್ಟೆಯ ಪದರ ಬೇರೆ, ಮೇಲೆ ಒಣ ಬ್ರೆಡ್ ಬೇರೆ ಕೂತಿರುತ್ತದೆ. ಅಂದರೆ ಬ್ರೆಡ್ ಹಾಲನ್ನು ಹೀರಿಕೊಳ್ಳದೆ ತೇಲಿದೆ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಅದಕ್ಕೇ ನಾನು ಮೊದಲು ಬಣ್ಣ ಕೇಳಿದ್ದು.

ಈ ಪುಡ್ಡಿಂಗ್ ನಮ್ಮ ಮನೆಗೆ ಬಂದದ್ದು ಬೆಂಗಳೂರಿನ ದಂಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಗ್ಲೋ ಇಂಡಿಯನ್ ಆಂಟಿಯಿಂದ. ಉಳಿದ ಬ್ರೆಡ್ ಎಸೆಯಬಾರದು ಎಂದು ಇಂಗ್ಲಿಷರ ಅಡುಗೆಮನೆಯಲ್ಲಿ ಹುಟ್ಟಿದ ತಿಂಡಿ ಇದು. ಆಂಟಿ ಅಳತೆ ಹೇಳುತ್ತಿರಲಿಲ್ಲ, ಪಾತ್ರೆ ಅಲುಗಿಸಿ ತೋರಿಸುತ್ತಿದ್ದರು. ಅಳತೆ ಆಮೇಲೆ ನಾನೇ ಮಾಡಿಕೊಂಡೆ. ಅರ್ಧ ಲೀಟರ್ ಗಟ್ಟಿ ಹಾಲು, ಮೂರು ಫಾರಂ ಮೊಟ್ಟೆ, ಆರು ಚಪ್ಪಟೆ ದೊಡ್ಡ ಚಮಚ ಸಕ್ಕರೆ, ಆರು ಸ್ಲೈಸ್ ಬ್ರೆಡ್, ಸವರಲು ಬೆಣ್ಣೆ, ಚಿಟಿಕೆ ಉಪ್ಪು, ಒಂದಿಷ್ಟು ತುರಿದ ಜಾಯಿಕಾಯಿ. ನಾಟಿ ಮೊಟ್ಟೆಯಾದರೆ ಚಿಕ್ಕದು, ನಾಲ್ಕು ಬೇಕು. ಏಳೆಂಟು ಇಂಚು ಅಗಲ, ಎರಡು ಇಂಚು ಆಳದ ಗಾಜಿನ ಪಾತ್ರೆಗೆ ಇದು ಸರಿಯಾಗುತ್ತದೆ. ಹಾಲಿಗೆ ನೀರು ಬೆರೆಸಬೇಡಿ. ಹಿಡಿದುಕೊಳ್ಳಲು ಆಗದಷ್ಟು ನೀರನ್ನು ನಾವೇ ಹಾಕಿ, ಆಮೇಲೆ ನೀರು ಬಿಟ್ಟಿತು ಎಂದರೆ ಹೇಗೆ?

ಇನ್ನು ಬ್ರೆಡ್. ಹಳೆಯದು ಎಂದರೆ ಒಣಗಿದ್ದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಮೂರು ದಿನ ಇದ್ದ ಬ್ರೆಡ್ ಬಿರುಸಾಗಿರುತ್ತದೆ, ಆದರೆ ಒಳಗಿನ ತೇವ ಒಳಗೇ ಇರುತ್ತದೆ. ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಅಂಥ ಬ್ರೆಡ್ ಹೆಚ್ಚು ಹಾಲು ಹೀರುವುದಿಲ್ಲ. ಹೀರಿದರೂ ಮುದ್ದೆಯಾಗುತ್ತದೆ. ಸ್ಲೈಸ್‌ಗಳನ್ನು ಓವನ್‌ನಲ್ಲಿ 130 ಡಿಗ್ರಿಗೆ ಹತ್ತು ಹದಿನೈದು ನಿಮಿಷ ಇಡಿ. ಕೆಂಪಗಾಗುವುದು ಬೇಡ. ಮುರಿದರೆ ಅಂಚಿನಲ್ಲಿ ಪುಡಿ ಉದುರಬೇಕು, ನಡುವೆ ತುಸು ಮೆತ್ತಗಿದ್ದರೆ ಅಡ್ಡಿಯಿಲ್ಲ. ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮಾಡಿದರೂ ಆಗುತ್ತದೆ. ಬೂಷ್ಟು ಬಂದಿದ್ದರೆ ಮಾತ್ರ ಆ ಜಾಗ ಕಿತ್ತು ಉಳಿದದ್ದನ್ನು ಬಳಸುವ ಉಳಿತಾಯ ಬೇಡ, ಇಡೀ ಬ್ರೆಡ್ ಎಸೆಯಿರಿ.

ಒಣಗಿದ ಸ್ಲೈಸ್‌ಗೆ ತೆಳ್ಳಗೆ ಬೆಣ್ಣೆ ಸವರಿ, ತ್ರಿಕೋನವಾಗಿ ಕತ್ತರಿಸಿ, ಒಂದರ ಮೇಲೊಂದು ಅರ್ಧ ಬರುವಂತೆ ಓರೆಯಾಗಿ ಜೋಡಿಸಿ. ಒತ್ತೊತ್ತಾಗಿ ತುರುಕಬೇಡಿ, ನಡುವೆ ಹಾಲು ಇಳಿಯಲು ದಾರಿ ಇರಲಿ. ಒಣದ್ರಾಕ್ಷಿ ಹಾಕುವುದಾದರೆ ಸ್ಲೈಸ್‌ಗಳ ಸಂದಿನಲ್ಲಿ ಹಾಕಿ. ನೆನೆಸಿದ್ದರೆ ಬಟ್ಟೆಯಲ್ಲಿ ಒತ್ತಿ ಒರೆಸಿ. ಸೇಬು ಇಷ್ಟವಿದ್ದರೆ ಬಾಣಲೆಯಲ್ಲಿ ಅದರ ನೀರು ಆರುವ ತನಕ ಬಾಡಿಸಿಯೇ ಹಾಕಬೇಕು, ಹಸಿ ಸೇಬು ಓವನ್‌ನಲ್ಲಿ ನೀರು ಬಿಡುತ್ತದೆ. ಹಸಿ ಅನಾನಸ್ ಅಂತೂ ಬೇಡವೇ ಬೇಡ, ಮೊಟ್ಟೆ ಕೂರದಂತೆ ಮಾಡುವ ಗುಣ ಅದಕ್ಕಿದೆ.

ಮೊಟ್ಟೆಯನ್ನು ಸಕ್ಕರೆ, ಉಪ್ಪಿನ ಜೊತೆ ಕಲಸುವಾಗ ಆಮ್ಲೆಟ್‌ಗೆ ಬಡಿದ ಹಾಗೆ ನೊರೆ ಬರಿಸಬೇಡಿ. ನೊರೆ ಹೋಗಿ ಒಳಗೆ ಗುಳ್ಳೆಯಾಗುತ್ತದೆ. ಬಿಳಿ ಎಳೆ ಕಾಣದಷ್ಟು ಕಲಸಿದರೆ ಸಾಕು. ಹಾಲು ಬೆರಳು ತಡೆಯುವಷ್ಟು ಬಿಸಿ ಇರಲಿ, ಕುದಿಯುವುದು ಬೇಡ. ಅದನ್ನು ಮೊಟ್ಟೆಗೆ ಸ್ವಲ್ಪ ಸ್ವಲ್ಪ ಸುರಿಯುತ್ತಾ ಕಲಸುತ್ತಾ ಹೋಗಿ, ಕೊನೆಗೆ ಟೀ ಸೋಸುವ ಜಾಲರಿಯಲ್ಲಿ ಸೋಸಿ. ಜಾಲರಿಯಲ್ಲಿ ಲೋಳೆಯಂಥ ಎಳೆ ಉಳಿಯುತ್ತದೆ ನೋಡಿ. ಅದು ಪಾತ್ರೆಗೆ ಹೋದರೆ ತಳ ಸೇರಿ ಗಟ್ಟಿ ಗಂಟಾಗುತ್ತದೆ. ಸಕ್ಕರೆ ಬದಲು ಬೆಲ್ಲ ಹಾಕಬಹುದಾ ಎಂದು ಸೊಸೆ ಕೇಳಿದ್ದಳು. ಬಿಸಿ ಹಾಲಿಗೆ ಬೆಲ್ಲ ಹಾಕಿ ಒಡೆಸಿಕೊಂಡ ಅನುಭವ ಎಲ್ಲರಿಗೂ ಇದೆ ಅಲ್ವಾ? ನಾನು ಆ ಗೊಡವೆಗೆ ಹೋಗುವುದಿಲ್ಲ.

ಸೋಸಿದ್ದರಲ್ಲಿ ಮುಕ್ಕಾಲು ಪಾಲನ್ನು ಬ್ರೆಡ್ ಮೇಲೆ ನಿಧಾನವಾಗಿ ಹುಯ್ಯಿರಿ. ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ, ಅರ್ಧ ಗಂಟೆ ಬಿಡಿ. ನಡುವೆ ಇನ್ನೊಮ್ಮೆ ಒತ್ತಿ. ಆಮೇಲೆ ಉಳಿದದ್ದನ್ನು ಸುರಿಯಿರಿ. ಒಂದೇ ಸಲ ಎಲ್ಲ ಹುಯ್ದರೆ ಬ್ರೆಡ್ ದೋಣಿಯಂತೆ ಮೇಲೆ ಬರುತ್ತದೆ. ನೆಂದಿದೆಯೋ ಇಲ್ಲವೋ ನೋಡಲು ನಡುವಿನ ಒಂದು ತುಂಡಿನ ಮೂಲೆ ಹರಿಯಿರಿ. ಒಳಗೆ ಬೆಳ್ಳಗೆ ಒಣ ಗೆರೆ ಕಂಡರೆ ಇನ್ನೂ ಹತ್ತು ನಿಮಿಷ ಬೇಕು. ಬಹಳಷ್ಟು ಜನ ಅವಸರ ಮಾಡುವುದು ಇಲ್ಲೇ.

ಓವನ್ 160 ಡಿಗ್ರಿಗೆ ಮೊದಲೇ ಕಾಯಲಿ. ಪುಡ್ಡಿಂಗ್ ಪಾತ್ರೆಗಿಂತ ದೊಡ್ಡದಾದ ಟ್ರೇನಲ್ಲಿ ಮಡಿಸಿದ ತೆಳು ಹತ್ತಿ ಬಟ್ಟೆ ಹಾಸಿ, ಅದರ ಮೇಲೆ ಪಾತ್ರೆ ಇಡಿ. ಬಟ್ಟೆಯ ಅಂಚು ಟ್ರೇಯಿಂದ ಹೊರಗೆ ಇಣುಕದಿರಲಿ. ಟ್ರೇಯನ್ನು ಓವನ್‌ನ ನಡುವಿನ ಕಂಬಿಯ ಮೇಲೆ ಇಟ್ಟ ನಂತರ, ಪಾತ್ರೆಯ ಅರ್ಧ ಎತ್ತರದವರೆಗೆ ಬಿಸಿನೀರು ಹುಯ್ಯಿರಿ. ಮೊದಲೇ ಹುಯ್ದು ಎತ್ತಿಕೊಂಡು ಹೋದರೆ ತುಳುಕಿ ಪುಡ್ಡಿಂಗ್ ಒಳಗೇ ಬೀಳುತ್ತದೆ, ಅದೂ ತಳದ ನೀರಿಗೆ ಒಂದು ಕಾರಣ. ನೀರು ಸುತ್ತಲಿದ್ದರೆ ಅಂಚು ಜಾಸ್ತಿ ಕಾಯುವುದಿಲ್ಲ, ನಡುವಿಗೂ ಅಂಚಿಗೂ ಹದ ಹತ್ತಿರ ಹತ್ತಿರ ಬರುತ್ತದೆ. ಸೊಸೆ ಮಾಡಿದ್ದು 190 ಡಿಗ್ರಿ, ನೀರಿಲ್ಲದೆ, ನೇರ ಕಂಬಿಯ ಮೇಲೆ. ನಡು ಬೇಯುವ ಹೊತ್ತಿಗೆ ಅಂಚು, ತಳ ಎಲ್ಲ ಕುದಿದುಹೋಗಿತ್ತು. ಟ್ರೇಯ ನೀರು ಗುಳುಗುಳು ಎನ್ನಲು ಶುರುವಾದರೆ ಅರ್ಧ ಲೋಟ ತಣ್ಣೀರು ಟ್ರೇಗೆ ಹಾಕಿ, ಓವನ್ ಹತ್ತು ಡಿಗ್ರಿ ಇಳಿಸಿ. ಫ್ರಿಜ್‌ನಲ್ಲಿ ನೆನೆಸಿಟ್ಟ ಗಾಜಿನ ಪಾತ್ರೆಯಾದರೆ ಅರ್ಧ ಗಂಟೆ ಹೊರಗಿಟ್ಟು, ಕುದಿನೀರು ಬಿಟ್ಟು ಬರೀ ಬಿಸಿನೀರು ಬಳಸಿ. ನನ್ನದೊಂದು ಪಾತ್ರೆ ಹಾಗೇ ಚಟ್ ಎಂದಿತ್ತು.

ನಲವತ್ತು ನಿಮಿಷಕ್ಕೆ ನೋಡಲು ಶುರು ಮಾಡಿ. ಆಂಟಿ ಕಲಿಸಿದ್ದು ಇದನ್ನೇ. ಬಟ್ಟೆಯಿಂದ ಪಾತ್ರೆಯ ಅಂಚು ಹಿಡಿದು ಒಮ್ಮೆ ಮೆಲ್ಲಗೆ ತಟ್ಟಬೇಕು. ಎಲ್ಲ ಕಡೆ ಅಲೆಯಂತೆ ಹೊಯ್ದಾಡಿದರೆ ಹಸಿ. ಸ್ವಲ್ಪವೂ ಅಲುಗದಿದ್ದರೆ ಹೊತ್ತು ಮೀರಿದೆ. ಅಂಚು ಗಟ್ಟಿಯಾಗಿ, ನಡುವೆ ಸಣ್ಣ ಪೂರಿಯಷ್ಟು ಜಾಗ ಮಾತ್ರ ಜೆಲ್ಲಿಯಂತೆ ಅದುರಿದರೆ ಅದೇ ಹದ. ಅಂಚಿಗೂ ನಡುವಿಗೂ ಮಧ್ಯೆ ಚಾಕು ಚುಚ್ಚಿದರೆ ಹಾಲು ಅಂಟದೆ ಹೊರಬರಬೇಕು. ಅಡುಗೆ ಥರ್ಮಾಮೀಟರ್ ಇದ್ದವರಿಗೆ ನಡುವೆ 75ರಿಂದ 80 ಡಿಗ್ರಿ. ಮೇಲೆ ಕೆಂಪು ಬಂದಿಲ್ಲವೆಂದು ಇನ್ನೂ ಕಾಯಿಸುತ್ತಾ ಕೂರಬೇಡಿ. ಬೇಕಿದ್ದರೆ ಮೇಲೆ ಚೂರು ಸಕ್ಕರೆ ಉದುರಿಸಿ, ಕೊನೆಯ ಎರಡು ನಿಮಿಷ ಓವನ್‌ನ ಮೇಲ್ಗಡೆಯ ಕಾಯುವ ಕಂಬಿ ಮಾತ್ರ ಆನ್ ಮಾಡಿ, ಅಲ್ಲೇ ನಿಂತು ನೋಡಿ.

ಹೊರಗೆ ತೆಗೆದ ತಕ್ಷಣ ಪಾತ್ರೆಯನ್ನು ಬಿಸಿನೀರಿನಿಂದ ಎತ್ತಿಬಿಡಿ. ನೀರಲ್ಲೇ ಬಿಟ್ಟರೆ ಅದು ಬೇಯುತ್ತಲೇ ಇರುತ್ತದೆ. ಅದುರುತ್ತಿದ್ದ ನಡುಭಾಗ ಒಳಗಿನ ಬಿಸಿಗೇ ಅರ್ಧ ಗಂಟೆಯಲ್ಲಿ ಕೂತುಕೊಳ್ಳುತ್ತದೆ. ಮಕ್ಕಳು ಗಲಾಟೆ ಮಾಡಿದರೂ ಅಲ್ಲಿಯವರೆಗೆ ಚಮಚ ಹಾಕಬಾರದು.

ಎರಡನೇ ಸಲ ಸೊಸೆ 160ಕ್ಕೆ ಇಟ್ಟು, 45 ನಿಮಿಷಕ್ಕೆ ತೆಗೆದಳು. ವಿಡಿಯೋ ಕಾಲ್‌ನಲ್ಲಿ ಪಾತ್ರೆ ಅಲುಗಿಸಿ ತೋರಿಸಿ, "ಹಸಿ ಇದೆಯೇನೋ ಅತ್ತೆ" ಎಂದು ಹೆದರಿದಳು. ಸರಿಯಾಗಿದೆ, ಬಿಡು ಎಂದೆ. ಸಂಜೆ ಕತ್ತರಿಸಿದ ತುಂಡು ತೋರಿಸಿದಳು. ತಳದಿಂದ ಮೇಲಿನವರೆಗೆ ಒಂದೇ ಹದ, ತಟ್ಟೆ ಒಣಗಿತ್ತು. ಮರುದಿನ ಬೆಳಿಗ್ಗೆ ಮತ್ತೆ ಫೋನ್. ಉಳಿದದ್ದನ್ನು ಫ್ರಿಜ್‌ಗೆ ಇಟ್ಟಿದ್ದೆ, ಈಗ ಮೇಲೆ ನೀರು ನಿಂತಿದೆ ಅಂತ! ಉಗುರುಬೆಚ್ಚಗೆ ಇರುವಾಗಲೇ ಬಿಗಿ ಮುಚ್ಚಳ ಹಾಕಿದ್ದಾಳೆ, ಹಬೆ ಹನಿಯಾಗಿ ಬಿದ್ದಿದೆ. ಅದನ್ನು ಹತ್ತಿ ಬಟ್ಟೆಯಿಂದ ಒತ್ತಿ ತೆಗೆದರೆ ಸಾಕು. ಮುಂದಿನ ಸಲ ಪೂರ್ತಿ ಆರಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಡಬೇಕು. ಹಾಗಂತ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬಿಡಬಾರದು. ಎರಡು ದಿನದೊಳಗೆ ಖಾಲಿ ಮಾಡಬೇಕು.