ಗೋಡೌನ್ ಬಾಡಿಗೆಗೆ ಎಂದು ಹಾಕುವ ಮೊದಲು

ಜಾಹೀರಾತಿನಲ್ಲಿ ಬರೀ ‘ವಿಶಾಲವಾದ ಗೋಡೌನ್, ಲಾರಿ ಬರುತ್ತದೆ’ ಎಂದು ಬರೆದರೆ ವ್ಯಾಪಾರಿಗಳು ಫೋನ್ ಮಾಡುವುದಿಲ್ಲ. ಯಾವ ಲಾರಿ ಎಂದು ಹೇಳಿ. ಹತ್ತು ಚಕ್ರದ ಲಾರಿ ಸುಮಾರು 30 ಅಡಿ ಉದ್ದ ಇರುತ್ತದೆ. ಗೇಟಿನ ಅಗಲ, ರಸ್ತೆ ತಿರುವಿನ ಅಗಲ, ಮೇಲೆ ಜೋತುಬಿದ್ದ ವಿದ್ಯುತ್ ತಂತಿಯ ಎತ್ತರ ಬರೆಯಿರಿ. ತಂತಿಗೆ ಟೇಪು ಹಿಡಿಯಲು ಹೋಗಬೇಡಿ, ಲೈನ್‌ಮನ್‌ನನ್ನು ಕೇಳಿ.

ಹೆಚ್ಚಿನವರು ಬಿಡುವುದು ನೆಲದ ವಿಷಯ. 50 ಕೆಜಿ ಅಕ್ಕಿ ಮೂಟೆ ಹತ್ತು ಪೇರಿಸಿದರೆ 500 ಕೆಜಿ. ಮೂಟೆ ಮಲಗುವ ಜಾಗ ಹೆಚ್ಚುಕಡಿಮೆ ಅರ್ಧ ಚದರ ಮೀಟರ್. ಅಂದರೆ ಚದರ ಮೀಟರ್‌ಗೆ ಒಂದು ಟನ್ ಭಾರ! ಮಣ್ಣು ಸರಿಯಾಗಿ ದಮ್ಮಸ್ಸು ಮಾಡಿ ಕಾಂಕ್ರೀಟ್ ಹಾಕಿದ ನೆಲ ಮಟ್ಟದ ಗೋಡೌನ್ ಇದನ್ನು ತಾಳೀತು. ಮಹಡಿಯಾದರೆ ಎಂಜಿನಿಯರ್ ಹೇಳಿದ ಮಿತಿಯನ್ನೇ ಹಾಕಿ, ಅಂದಾಜು ಬೇಡ. ನೆಲ ಕುಸಿದ, ಬಿರುಕು ಬಿಟ್ಟ ಕಡೆ ಫೋಟೊ ತೆಗೆದು ತೋರಿಸಿ, ವ್ಯಾಪಾರಿಗಳು ನೋಡಲು ಬಂದಾಗ ಹೇಗೂ ಕಾಣುತ್ತದೆ.

ಕರೆಂಟಿಗೆ ‘ತ್ರೀ ಫೇಸ್ ಇದೆ’ ಎಂದರೆ ಸಾಲದು. ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ ಎಷ್ಟೆಂದು ಬರೆಯಿರಿ.

ಸರಕು ಇಳಿಸುವ ಕಟ್ಟೆಯ ಎತ್ತರ ಲಾರಿ ತಳಕ್ಕೆ ಸಮವಾಗಿ ನಾಲ್ಕು ಅಡಿಯಷ್ಟಿದ್ದರೆ ಹಮಾಲರಿಗೆ ಸುಲಭ. ಮಳೆಯಲ್ಲೂ ಇಳಿಸಲು ಮೇಲೆ ಶೀಟ್ ಇದೆಯೇ, ಒಟ್ಟಿಗೆ ಎಷ್ಟು ಲಾರಿ ನಿಲ್ಲಬಹುದು ಎಂಬುದನ್ನೂ ಸೇರಿಸಿ.