ಸವಳು ಹೊಲದಲ್ಲಿ ಸೋಯಾ ಹಾಕಬೇಡ ಎಂದು ಕಾಕಾನಿಗೆ ಹೇಳಿದ್ದು

ನಮ್ಮದು ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕು. ಕಾಕಾನ ಒಂದು ಎಕರೆ ಕಪ್ಪು ಮಣ್ಣಿನಲ್ಲಿ ವರ್ಷಗಟ್ಟಲೆ ಕಬ್ಬು. ಕೆಳಗಿನ 12 ಗುಂಟೆ ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಾಗುತ್ತಿತ್ತು. ಮರಾಠಿಯಲ್ಲಿ ಇದಕ್ಕೆ ಕ್ಷಾರಪಡ ಅಂತಾರೆ. ಆದರೆ ಅವರು ಮಾಡಿಸಿದ್ದ ಮಣ್ಣು ಪರೀಕ್ಷೆಯಲ್ಲಿ ಇಸಿ, ಅಂದರೆ ಉಪ್ಪಿನ ಅಳತೆ, 0.85, ಪಕ್ಕದಲ್ಲಿ ‘ಸಾಮಾನ್ಯ’ ಎಂದು ಬರೆದಿತ್ತು.

ನಾನು ಮಣ್ಣಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಚೀಟಿ ನೋಡಿದ ಕೂಡಲೇ ಎರಡು ತಪ್ಪು ಕಂಡವು. ಒಂದು, ಇಡೀ ಎಕರೆಯ ಮಣ್ಣನ್ನು ಒಟ್ಟಿಗೆ ಕಲೆಸಿದ್ದರು. ಮೇಲಿನ 28 ಗುಂಟೆಯ ಒಳ್ಳೆ ಮಣ್ಣು ಕೆಳಗಿನ ಉಪ್ಪನ್ನು ಮುಚ್ಚಿಹಾಕಿತ್ತು. ಇನ್ನೊಂದು, ಆ ಇಸಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ ಅಳೆದದ್ದು. ಬೇರಿಗೆ ಅಷ್ಟು ನೀರು ಎಲ್ಲಿ ಸಿಗುತ್ತದೆ? ಬೆಳೆಯ ಸಹನೆಯ ಪಟ್ಟಿಗಳೆಲ್ಲ ಮಣ್ಣಿನ ಮುದ್ದೆಯಿಂದ ತೆಗೆದ ನೀರಿನ ಇಸಿಗೆ ಮಾಡಿದವು. ಆ ಪಟ್ಟಿಗೆ ಈ 0.85 ಹಚ್ಚಿ ನೋಡುವ ಹಾಗೇ ಇಲ್ಲ.

ಮೇ ತಿಂಗಳಲ್ಲಿ ಮೇಲಿನ ಭಾಗ, ಕೆಳಗಿನ ಭಾಗ ಬೇರೆ ಬೇರೆಯಾಗಿ ಒಂದು ಅಡಿ ಆಳದವರೆಗೆ ಮಣ್ಣು ತೆಗೆದೆ. ಒಣಗಿಸಿ, ಕುಟ್ಟಿ, 2 ಮಿ.ಮೀ. ಜರಡಿ ಹಿಡಿದೆ. 300 ಗ್ರಾಂ ಮಣ್ಣಿಗೆ ಡಿಸ್ಟಿಲ್ಡ್ ನೀರು ಹಾಕುತ್ತಾ ಕಲೆಸಿದೆ. ಮುದ್ದೆ ಮಿರಮಿರ ಹೊಳೆಯಬೇಕು, ಬಟ್ಟಲು ಓರೆ ಮಾಡಿದರೆ ಸ್ವಲ್ಪ ಜಾರಬೇಕು, ಮೇಲೆ ನೀರು ನಿಲ್ಲಬಾರದು. ಕಪ್ಪು ಮಣ್ಣನ್ನು ಜಾಸ್ತಿ ತಿಕ್ಕಿದರೆ ಅಂಟಾಗಿ ಕೈ ಕೊಡುತ್ತದೆ, ಹಾಗಾಗಿ ನೀರನ್ನು ಬೇಗ ಹಾಕಿ ಕಡಿಮೆ ಕಲೆಸಬೇಕು. ರಾತ್ರಿಯಿಡೀ ಮುಚ್ಚಿಟ್ಟೆ. ಬೆಳಿಗ್ಗೆ ಗಟ್ಟಿಯಾಗಿತ್ತು, ಇನ್ನೊಂದಿಷ್ಟು ನೀರು ಬೇಕಾಯಿತು. ಒಟ್ಟು 216 ಮಿ.ಲೀ. ಹಿಡಿಯಿತು, ಅಂದರೆ ಮಣ್ಣಿನ ತೂಕದ 72 ಶೇಕಡಾ. ಆಮೇಲೆ ವ್ಯಾಕ್ಯೂಮ್ ಪಂಪಿನಲ್ಲಿ ನೀರು ಎಳೆದು ಅಳೆದೆ.

ಮೇಲಿನ ಭಾಗದ ಇಸಿ ಮೀಟರಿಗೆ 1.5 ಡೆಸಿಸೀಮನ್ಸ್. ಕೆಳಗಿನದು 6.4. ಪಿಎಚ್ 8.1 ಇತ್ತು. ಅದು ತೀರಾ ಹೆಚ್ಚಲ್ಲ, ಹಾಗಾಗಿ ಸೋಡಿಯಂ ಕಾಟ ಮುಖ್ಯವಲ್ಲ, ಉಪ್ಪೇ ಮುಖ್ಯ ಅಂದುಕೊಂಡೆ.

“ಹಂಗಾದ್ರ ಕೆಳಗ ಕಬ್ಬು ಬಿಟ್ಟು ಸೋಯಾ ಹಾಕ್ತೀನಿ ತಮ್ಮಾ” ಅಂದರು ಕಾಕಾ. ಮಾತು ಸರಿಯಾಗೇ ಕೇಳಿಸುತ್ತದೆ. ಪಟ್ಟಿಯಲ್ಲಿ ಕಬ್ಬು 1.7ಕ್ಕೇ ಸೋಲಲು ಶುರು, ಸೋಯಾ 5.0 ತನಕ ತಡೆಯುತ್ತದೆ. ಆದರೆ ಆ ಗಡಿ ದಾಟಿದ ಮೇಲೆ ಎಷ್ಟು ವೇಗವಾಗಿ ಇಳುವರಿ ಬೀಳುತ್ತದೆ ಅನ್ನುವ ಎರಡನೇ ಅಂಕಿಯನ್ನು ಯಾರೂ ನೋಡುವುದಿಲ್ಲ. ಪ್ರತಿ ಒಂದು ಡೆಸಿಸೀಮನ್ಸಿಗೆ ಕಬ್ಬು 5.9 ಶೇಕಡಾ ಕಳೆದುಕೊಂಡರೆ ಸೋಯಾ 20 ಶೇಕಡಾ. ಚೀಟಿಯ ಹಿಂದೆ ಬರೆದು ತೋರಿಸಿದೆ:

```
ಕಬ್ಬು: 100 - 5.9 × (6.4 - 1.7) = 72
ಸೋಯಾ: 100 - 20 × (6.4 - 5.0) = 72
ಗೋಧಿ: 100 - 7.1 × (6.4 - 6.0) = 97
```

ಇವು ರೂಪಾಯಿಯೂ ಅಲ್ಲ, ಕ್ವಿಂಟಲೂ ಅಲ್ಲ. ಒಳ್ಳೆ ನೆಲದಲ್ಲಿ ಅದೇ ಬೆಳೆ ನೂರು ಕೊಟ್ಟರೆ ಇಲ್ಲಿ ಎಷ್ಟು ಅನ್ನುವುದಷ್ಟೇ. ಕಬ್ಬು, ಸೋಯಾ ಎರಡೂ ಸಮ ಬಂದವು. ಉಪ್ಪು ಇನ್ನೊಂದು ಡೆಸಿಸೀಮನ್ಸ್ ಏರಿದರೆ ಕಬ್ಬು 66ಕ್ಕೆ ಇಳಿಯುತ್ತದೆ, ಸೋಯಾ 52ಕ್ಕೆ ಜಾರುತ್ತದೆ. ಹತ್ತಿ 7.7 ತನಕ ಏನೂ ಅನ್ನುವುದಿಲ್ಲ, ಆದರೆ ನಮ್ಮ ಸುತ್ತ ಯಾರೂ ಹತ್ತಿ ಹಾಕುವವರಿಲ್ಲ. ಕೊನೆಗೆ ಕೆಳಗೆ ಹಿಂಗಾರಿ ಗೋಧಿ ಎಂದಾಯಿತು. ಮೇಲೆ ಕಬ್ಬು ಹಾಗೇ ಇರಲಿ, 1.5 ಅಂದರೆ ಗಡಿಯ ಒಳಗೇ ಇದೆ ಅಲ್ವಾ. ಹೋಲಿಕೆಗೆ ಅಲ್ಲೂ 2 ಗುಂಟೆ ಗೋಧಿ ಹಾಕಿಸಿದೆ.

ಪಟ್ಟಿಯ ಅಂಕಿಗಳು ಬೆಳೆದು ನಿಂತ ಗಿಡಕ್ಕೆ. ಮೊಳಕೆಗೆ ಅವನ್ನು ನಂಬುವಂತಿಲ್ಲ. ಬೀಜ ಬೀಳುವ ಮೇಲಿನ ಎರಡು ಬೆರಳಷ್ಟು ಮಣ್ಣಿನಲ್ಲೇ ಉಪ್ಪು ಜಾಸ್ತಿ. ಅದಕ್ಕೆ ಬಿತ್ತುವ ಮೊದಲು ಒಂದು ದೊಡ್ಡ ನೀರು ಕೊಟ್ಟು ಉಪ್ಪನ್ನು ಕೆಳಗೆ ತಳ್ಳಿದೆವು. ಆದರೂ ಒಂದು ಮೂಲೆಯಲ್ಲಿ ಮೊಳಕೆ ಬೋಳು ಬೋಳಾಗಿ ಬಂತು.

ರಾಶಿ ಮಾಡಿದಾಗ ಮೇಲೆ ಗುಂಟೆಗೆ 45 ಕೆಜಿ, ಕೆಳಗೆ 36. ಅಂದರೆ 80 ಶೇಕಡಾ. ಲೆಕ್ಕ ಹೇಳಿದ್ದು 97. ಕಾಕಾ ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಬೋಳು ಮೂಲೆಯಿಂದ ಕಳೆದದ್ದು ಸ್ವಲ್ಪ. ಉಳಿದದ್ದಕ್ಕೆ ಗುಂಡಿ ತೋಡಿದೆ. ಎರಡು ಅಡಿಗೇ ನೀರು ಸಿಕ್ಕಿತು. ಆ ಪಟ್ಟಿ ನೀರು ಬಸಿದು ಹೋಗುವ ನೆಲಕ್ಕೆ ಮಾಡಿದ್ದು, ಬೇರು ನೀರಿನಲ್ಲಿ ಉಸಿರುಗಟ್ಟಿದರೆ ಅದರ ಲೆಕ್ಕ ಅಲ್ಲಿಲ್ಲ. ಗುಂಡಿ ನೋಡದೇ ಬರೀ ಇಸಿ ನೋಡಿದ್ದು ನನ್ನದೇ ತಪ್ಪು.

ಈಗ ಕೆಳಗಿನ ಅಂಚಿಗೆ ಬಸಿಗಾಲುವೆ ತೋಡಿಸುತ್ತಿದ್ದೇವೆ. ಮಳೆಗಾಲ ಮುಗಿದ ಮೇಲೆ ಮತ್ತೆ ಮುದ್ದೆ ಮಾಡಿ ಅಳೆಯುತ್ತೇನೆ, 5ರ ಕೆಳಗೆ ಬಂದರೆ ಕಾಕಾನ ಸೋಯಾಕ್ಕೆ ನನ್ನ ತಕರಾರಿಲ್ಲ.